ಕೇಬಲ್ ಬದಲಾಯಿಸಿದರೂ 144 ಹರ್ಟ್ಸ್ ಬರುತ್ತಿಲ್ಲವೇಕೆ?

ಪ್ರಶ್ನೆ: ಸರ್, 27 ಇಂಚಿನ 4ಕೆ 144 ಹರ್ಟ್ಸ್ ಮಾನಿಟರ್ ತಗೊಂಡಿದ್ದೀನಿ. ಕಂಪ್ಯೂಟರಿನಲ್ಲಿ ಆರ್‌ಟಿಎಕ್ಸ್ 2060 ಕಾರ್ಡ್ ಇದೆ. ಎಚ್‌ಡಿಎಂಐ ಹಾಕಿದರೆ 60 ಹರ್ಟ್ಸ್ ಚೆನ್ನಾಗಿ ಬರುತ್ತೆ. 120ಕ್ಕೆ ಇಟ್ಟರೆ ಬರುತ್ತೆ, ಆದರೆ ಅಕ್ಷರಗಳೆಲ್ಲ ಮಸುಕು. ಕೆಂಪು ಅಕ್ಷರ ಓದೋಕೇ ಆಗಲ್ಲ. 144 ಅಂತೂ ಪಟ್ಟಿಯಲ್ಲೇ ಇಲ್ಲ. ಅಂಗಡಿಯವರು ಹೇಳಿದರೂಂತ ‘2.1, 8ಕೆ’ ಎಂದು ಬರೆದಿರೋ ಕೇಬಲ್ ತಂದೆ, ಏನೂ ಬದಲಾಗಲಿಲ್ಲ. ಕೇಬಲ್ ಡೂಪ್ಲಿಕೇಟಾ? ಆಫೀಸಿನ ಲ್ಯಾಪ್‌ಟಾಪನ್ನೂ ಇದೇ ಮಾನಿಟರಿಗೆ ಯುಎಸ್‌ಬಿ-ಸಿಯಲ್ಲಿ ಹಾಕ್ತೀನಿ, ಅದೂ 60 ದಾಟಲ್ಲ.

ಉತ್ತರ: ಕೇಬಲ್ ಮೇಲೆ ಅನುಮಾನ ಬೇಡ. ನೀವು ಹೇಳಿದ ಮೂರು ಲಕ್ಷಣಗಳೂ ಒಂದೇ ಕಡೆ ಬೆರಳು ತೋರಿಸುತ್ತವೆ: ನಿಮ್ಮ ಕಾರ್ಡಿನ ಎಚ್‌ಡಿಎಂಐ ಪೋರ್ಟ್ 2.0 ತಲೆಮಾರಿನದು. ಕೇಬಲ್ ಎಷ್ಟೇ ಒಳ್ಳೆಯದಿರಲಿ, ಮಾನಿಟರಿನ ಕಡೆ 2.1 ಇರಲಿ, ಮಾತುಕತೆ ನಡೆಯುವುದು ಇಬ್ಬರಲ್ಲಿ ಕಡಿಮೆ ಬಲ್ಲವರ ಮಟ್ಟದಲ್ಲಿ. ಎನ್‌ವಿಡಿಯಾ ಎಚ್‌ಡಿಎಂಐ 2.1 ಕೊಟ್ಟದ್ದು 30ರ ಸರಣಿಯ ಕಾರ್ಡ್‌ಗಳಿಂದ ಈಚೆಗೆ. ಆದರೆ ಹೊಸ ಕಾರ್ಡಿಗೆ ದುಡ್ಡು ಹಾಕಬೇಕಿಲ್ಲ. ಅದೇ ಕಾರ್ಡಿನ ಹಿಂದೆ ಡಿಸ್‌ಪ್ಲೇಪೋರ್ಟ್ ಇದೆಯಲ್ಲ, ಅದು 1.4 ಮಾತ್ರವಲ್ಲ, ಡಿಎಸ್‌ಸಿ ಎಂಬ ಕಂಪ್ರೆಷನ್ ಕೂಡ ಬಲ್ಲದು. ಮಾನಿಟರಿಗೂ ಡಿಎಸ್‌ಸಿ ಗೊತ್ತಿದ್ದರೆ ಅದರಲ್ಲಿ 4ಕೆ 144 ಪೂರ್ತಿ ಬಣ್ಣದೊಂದಿಗೆ ಬರುತ್ತದೆ. ಮಾನಿಟರಿನ ಡಬ್ಬದಲ್ಲೇ ಡಿಸ್‌ಪ್ಲೇಪೋರ್ಟ್ ಕೇಬಲ್ ಇಟ್ಟಿರುತ್ತಾರೆ, ಒಮ್ಮೆ ನೋಡಿ.

ಇಷ್ಟಕ್ಕೇ ನಿಮ್ಮ ಕೆಲಸ ಆಗಬಹುದು. ಆದರೆ 60 ಚೆನ್ನಾಗಿ ಬಂದು, 120 ಮಸುಕಾಗಿ ಬಂದು, 144 ಬಾರದೇ ಇರುವುದಕ್ಕೆ ಲೆಕ್ಕ ಇದೆ. ಆ ಲೆಕ್ಕ ಒಮ್ಮೆ ಗೊತ್ತಾದರೆ ಮುಂದೆ ಯಾವ ಪೋರ್ಟಿನ ಯಾವ ಮಿತಿ ಎಂದು ನೀವೇ ಹೇಳಬಲ್ಲಿರಿ.

4ಕೆ ಎಂದರೆ ಅಡ್ಡ 3840, ಉದ್ದ 2160. ಒಟ್ಟು ಸುಮಾರು 83 ಲಕ್ಷ ಪಿಕ್ಸೆಲ್. ಪ್ರತಿ ಪಿಕ್ಸೆಲ್ಲಿಗೆ ಕೆಂಪು, ಹಸಿರು, ನೀಲಿ ತಲಾ 8 ಬಿಟ್, ಅಂದರೆ 24 ಬಿಟ್. ಇದರ ಜೊತೆಗೆ ಪ್ರತಿ ಗೆರೆಯ ಕೊನೆಗೂ ಪ್ರತಿ ಫ್ರೇಮಿನ ಕೊನೆಗೂ ಒಂದಿಷ್ಟು ಖಾಲಿ ಜಾಗ ಬಿಡುವ ಪದ್ಧತಿ ಇದೆ; ಬ್ಲ್ಯಾಂಕಿಂಗ್ ಎನ್ನುತ್ತಾರೆ. ಟಿವಿಗಳಿಗೆಂದು ಗೊತ್ತುಮಾಡಿದ ಟೈಮಿಂಗಿನಲ್ಲಿ ಈ ಖಾಲಿ ಜಾಗವೂ ಸೇರಿ 4ಕೆ ಫ್ರೇಮ್ 4400 ಅಡ್ಡ, 2250 ಉದ್ದ ಆಗುತ್ತದೆ. ಈಗ 60 ಹರ್ಟ್ಸಿಗೆ ಗುಣಿಸಿ:

```
4400 × 2250 × 60  × 24 ಬಿಟ್ = 14.26 ಗಿಗಾಬಿಟ್/ಸೆಕೆಂಡ್
4400 × 2250 × 120 × 24 ಬಿಟ್ = 28.51 ಗಿಗಾಬಿಟ್/ಸೆಕೆಂಡ್
4400 × 2250 × 120 × 12 ಬಿಟ್ = 14.26 ಗಿಗಾಬಿಟ್/ಸೆಕೆಂಡ್
```

ಎಚ್‌ಡಿಎಂಐ 2.0ರ ಮೇಲೆ 18 ಗಿಗಾಬಿಟ್ ಎಂದು ಬರೆದಿರುತ್ತದೆ. ಆದರೆ ಅದು ಕಳಿಸುವ ಪ್ರತಿ 10 ಬಿಟ್ಟಿನಲ್ಲಿ 8 ಮಾತ್ರ ಚಿತ್ರದ್ದು, ಉಳಿದ 2 ಸಿಗ್ನಲ್ ಸರಿಯಾಗಿ ತಲುಪಲೆಂದು ಸೇರಿಸುವಂಥವು. ಹಾಗಾಗಿ ಕೈಗೆ ಸಿಗುವುದು 14.4. ಮೊದಲ ಸಾಲು ನೋಡಿ, 60 ಹರ್ಟ್ಸ್ ಅದರೊಳಗೆ ಉಸಿರು ಬಿಗಿಹಿಡಿದು ಕೂರುತ್ತದೆ. ಎರಡನೆಯ ಸಾಲು ಅದರ ಎರಡರಷ್ಟು, ಸಾಧ್ಯವೇ ಇಲ್ಲ. ಮೂರನೆಯ ಸಾಲಿನಲ್ಲಿ 24ರ ಜಾಗದಲ್ಲಿ 12 ಇದೆ. ಉತ್ತರ ಮತ್ತೆ 60 ಹರ್ಟ್ಸಿನದೇ. ನೀವು ನೋಡುತ್ತಿರುವ ಮಸುಕು 120 ಅದೇ. ಪಿಕ್ಸೆಲ್ಲಿಗೆ 12 ಬಿಟ್ ಉಳಿಸಿದ್ದು ಬಣ್ಣವನ್ನು ಕಿತ್ತು.

ಹೇಗೆ ಕೀಳುತ್ತಾರೆ ಅಂದರೆ, ಕಾರ್ಡು ಕೆಂಪು-ಹಸಿರು-ನೀಲಿಯ ಲೆಕ್ಕ ಬಿಟ್ಟು ಚಿತ್ರವನ್ನು ಬೆಳಕು ಬೇರೆ, ಬಣ್ಣ ಬೇರೆ ಎಂದು ಒಡೆಯುತ್ತದೆ. ಬೆಳಕಿನ ಮಾಹಿತಿ ಪ್ರತಿ ಪಿಕ್ಸೆಲ್ಲಿಗೂ ಹೋಗುತ್ತದೆ. ಬಣ್ಣದ ಎರಡು ಮಾಹಿತಿಗಳನ್ನು ಮಾತ್ರ ಅಕ್ಕಪಕ್ಕದ, ಮೇಲೆಕೆಳಗಿನ ನಾಲ್ಕು ಪಿಕ್ಸೆಲ್ ಸೇರಿ ಹಂಚಿಕೊಳ್ಳಬೇಕು. ಇದು 4:2:0. ಅಡ್ಡಕ್ಕೆ ಎರಡು ಪಿಕ್ಸೆಲ್ ಮಾತ್ರ ಹಂಚಿಕೊಂಡರೆ 4:2:2. ಯಾರೂ ಹಂಚಿಕೊಳ್ಳದಿದ್ದರೆ 4:4:4, ಅದು ಆರ್‌ಜಿಬಿಯಷ್ಟೇ ಪೂರ್ತಿ. ನಮ್ಮ ಕಣ್ಣು ಬೆಳಕಿನ ಅಂಚನ್ನು ಗುರುತಿಸುವಷ್ಟು ಚೆನ್ನಾಗಿ ಬಣ್ಣದ ಅಂಚನ್ನು ಗುರುತಿಸುವುದಿಲ್ಲ, ಆದ್ದರಿಂದ ಸಿನಿಮಾದಲ್ಲಿ ಇದು ನಡೆದುಹೋಗುತ್ತದೆ. ಬ್ಲೂ-ರೇ ಡಿಸ್ಕ್, ಓಟಿಟಿಯ ಸಿನಿಮಾ ಎಲ್ಲವೂ 4:2:0ರಲ್ಲೇ ಇರುವುದು, ಯಾರೂ ದೂರುವುದಿಲ್ಲ.

ಅಕ್ಷರದ ವಿಷಯ ಹಾಗಲ್ಲ. ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಅಕ್ಷರ ಇದೆ ಎನ್ನಿ. ಕೆಂಪಿಗೆ ಬೆಳಕು ಕಡಿಮೆ, ಅದರ ಅಂಚು ನಿಂತಿರುವುದೇ ಬಣ್ಣದ ವ್ಯತ್ಯಾಸದ ಮೇಲೆ. ಒಂದೇ ಪಿಕ್ಸೆಲ್ ದಪ್ಪದ ಗೆರೆಯ ಬಣ್ಣವನ್ನು ಪಕ್ಕದ ಕಪ್ಪಿನೊಂದಿಗೆ ಹಂಚಿದರೆ ಅದು ಅರ್ಧ ಬಣ್ಣದ ಎರಡು ಪಿಕ್ಸೆಲ್ ದಪ್ಪದ ಕೊಳೆಯಾಗುತ್ತದೆ. ಮೇಲಾಗಿ ವಿಂಡೋಸಿನ ಕ್ಲಿಯರ್‌ಟೈಪ್ ಅಕ್ಷರದ ಅಂಚನ್ನು ನುಣುಪು ಮಾಡುವುದೇ ಸಣ್ಣ ಬಣ್ಣದ ಅಂಚುಗಳಿಂದ. 4:2:0 ಅದನ್ನೂ ಕಲಸಿಬಿಡುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ಇದು ಮೊದಲು ಗೊತ್ತಾಗುವುದು ಒತ್ತಕ್ಷರಗಳಲ್ಲಿ. ಸಾಲಿನ ಕೆಳಗೆ ಸಣ್ಣದಾಗಿ ಕೂತ ಬಣ್ಣದ ತ-ಒತ್ತು, ನ-ಒತ್ತು ಯಾವುದು ಯಾವುದೆಂದು ತಿಳಿಯದಂತಾಗುತ್ತದೆ.

ಇದೇ ನಿಮ್ಮ ರೋಗ ಎಂದು ಖಚಿತ ಮಾಡಿಕೊಳ್ಳುವುದು ಸುಲಭ. ಡೆಸ್ಕ್‌ಟಾಪಿನ ಮೇಲೆ ಬಲ ಗುಂಡಿ ಒತ್ತಿ NVIDIA Control Panel ತೆರೆಯಿರಿ, Change resolution ಪುಟದಲ್ಲಿ 120 ಹರ್ಟ್ಸ್ ಆರಿಸಿ, ಕೆಳಗೆ Output color format ಎಂಬಲ್ಲಿ ನೋಡಿ. 60ರಲ್ಲಿ RGB ಎಂದಿದ್ದದ್ದು 120ರಲ್ಲಿ YCbCr420 ಆಗಿರುತ್ತದೆ. ಕಣ್ಣಾರೆ ನೋಡಬೇಕೆಂದರೆ ಪೇಂಟ್ ತೆರೆದು ಪೂರ್ತಿ ನೀಲಿ ಬಳಿದು, ಅದರ ಮೇಲೆ ಸಣ್ಣ ಕೆಂಪು ಅಕ್ಷರದಲ್ಲಿ ಏನಾದರೂ ಬರೆಯಿರಿ. ಜೂಮ್ 100 ಪರ್ಸೆಂಟಿನಲ್ಲೇ ಇರಲಿ. 60ರಲ್ಲಿ ಅಕ್ಷರ ಓದಬಹುದು, 120ರಲ್ಲಿ ಹೊಗೆ ಹಿಡಿದಂತಿರುತ್ತದೆ. ಇದನ್ನು ಯಾರಿಗಾದರೂ ತೋರಿಸಬೇಕೆಂದರೆ ಸ್ಕ್ರೀನ್‌ಶಾಟ್ ತೆಗೆಯಬೇಡಿ, ಅದರಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಬಣ್ಣ ಕೀಳುವುದು ಚಿತ್ರ ಕಾರ್ಡಿನಿಂದ ಹೊರಡುವ ಕೊನೇ ಹಂತದಲ್ಲಿ. ಸ್ಕ್ರೀನ್‌ಶಾಟ್ ಅದಕ್ಕೂ ಮುಂಚಿನದು. ಮೊಬೈಲಿನಲ್ಲಿ ಪರದೆಯ ಹತ್ತಿರ ಹೋಗಿ ಫೋಟೋ ಹೊಡೆಯಿರಿ. ಸರ್ವಿಸ್ ಸೆಂಟರಿಗೆ ಸ್ಕ್ರೀನ್‌ಶಾಟ್ ಕಳಿಸಿ ‘ನಮಗೆ ಸರಿಯಾಗಿದೆ’ ಎಂಬ ಉತ್ತರ ಪಡೆದವರು ಬಹಳ ಮಂದಿ.

‘4:2:0 ಬೇಡ, ಸ್ವಲ್ಪ ಉತ್ತಮವಾದ 4:2:2 ಇಟ್ಟುಕೊಂಡರೆ?’ ಎಂದು ನಿಮಗೆ ಅನ್ನಿಸಬಹುದು. ಲೆಕ್ಕದ ಪ್ರಕಾರ 4:2:2ಗೆ ಪಿಕ್ಸೆಲ್ಲಿಗೆ 16 ಬಿಟ್ ಸಾಕು, ಮೂರನೇ ಒಂದು ಭಾಗ ಉಳಿಯಬೇಕು. ಆದರೆ ಎಚ್‌ಡಿಎಂಐ 2.0ರಲ್ಲಿ ಒಂದು ಕೊಕ್ಕೆ ಇದೆ: ಅದು 4:2:2ಗೂ ಪಿಕ್ಸೆಲ್ಲಿಗೆ 24 ಬಿಟ್ಟಿನ ಜಾಗವನ್ನೇ ಕೊಡುತ್ತದೆ, ಬಳಸದೆ ಉಳಿದದ್ದು ಖಾಲಿ ಹೋಗುತ್ತದೆ. ಬಸ್ಸಿನಲ್ಲಿ ಇಬ್ಬರೇ ಕೂತರೂ ಮೂರು ಜನರ ಸೀಟಿಗೆ ಟಿಕೆಟ್ ಕೊಂಡ ಹಾಗೆ. ಇದರಿಂದ ಎಚ್‌ಡಿಆರ್ ಸಿನಿಮಾಕ್ಕೆ ಲಾಭವಿದೆ, 60 ಹರ್ಟ್ಸಿನಲ್ಲಿ 10 ಅಥವಾ 12 ಬಿಟ್ ಬಣ್ಣವನ್ನು 4:2:2 ಮಾಡಿ ಅದೇ ಜಾಗದಲ್ಲಿ ಕಳಿಸಬಹುದು. ಆದರೆ ರಿಫ್ರೆಶ್ ರೇಟ್ ಏರಿಸಲು ಅದು ಕೆಲಸಕ್ಕೆ ಬಾರದು. ಅದಕ್ಕೇ 120ರಲ್ಲಿ ನಿಮಗೆ ಆಯ್ಕೆಯೇ ಇಲ್ಲದೆ ನೇರವಾಗಿ 4:2:0 ಬಂದದ್ದು.

ಇನ್ನು 144. ಮಾನಿಟರ್‌ಗಳಿಗೆ ಖಾಲಿ ಜಾಗ ಕಡಿಮೆ ಮಾಡಿದ ಬೇರೆ ಟೈಮಿಂಗ್ ಇದೆ. ಅದರಲ್ಲಿ 4ಕೆ 144ಕ್ಕೆ 8 ಬಿಟ್ ಬಣ್ಣದಲ್ಲಿ 31.35 ಗಿಗಾಬಿಟ್ ಬೇಕು. 4:2:0 ಮಾಡಿ ಅರ್ಧ ಮಾಡಿದರೂ 15.7, ಅಂದರೆ 14.4ಕ್ಕಿಂತ ಹೆಚ್ಚು. ಪಟ್ಟಿಯಲ್ಲಿ 144 ಇಲ್ಲದಿರುವುದು ಇದೇ ಕಾರಣಕ್ಕೆ.

ಈಗ ಡಿಸ್‌ಪ್ಲೇಪೋರ್ಟ್ ಕಡೆ ಬನ್ನಿ. 1.4ರಲ್ಲಿ ನಾಲ್ಕು ಲೇನ್, ಒಂದೊಂದರಲ್ಲಿ 8.1 ಗಿಗಾಬಿಟ್. ಇಲ್ಲೂ ಹತ್ತರಲ್ಲಿ ಎಂಟರ ಲೆಕ್ಕ, ಕೈಗೆ ಸಿಗುವುದು 25.92. ಕಂಪ್ರೆಷನ್ ಇಲ್ಲದೆ 144ರ 31.35 ಇದರೊಳಗೂ ಹಿಡಿಯದು. 2018ರಲ್ಲಿ ಬಂದ ಮೊದಲ 4ಕೆ 144 ಮಾನಿಟರ್‌ಗಳು, ಏಸಸ್ ಪಿಜಿ27ಯುಕ್ಯು ಮತ್ತು ಏಸರ್ ಎಕ್ಸ್27, ಇದೇ ಗೋಡೆಗೆ ಬಡಿದುಕೊಂಡವು. ಅವುಗಳಲ್ಲಿ ಡಿಎಸ್‌ಸಿ ಇರಲಿಲ್ಲ. 10 ಬಿಟ್ ಪೂರ್ತಿ ಬಣ್ಣ ಬೇಕೆಂದರೆ 98 ಹರ್ಟ್ಸ್, 8 ಬಿಟ್ ಸಾಕೆಂದರೆ 120, 144 ಬೇಕೇ ಬೇಕೆಂದರೆ 4:2:2. ಲಕ್ಷಾಂತರ ರೂಪಾಯಿ ಬಾಳುವ ಮಾನಿಟರಿನಲ್ಲಿ ಜನ 98 ಹರ್ಟ್ಸ್ ಇಟ್ಟುಕೊಂಡು ಆಡಿದರು. ಗಮನಿಸಿ, ಡಿಸ್‌ಪ್ಲೇಪೋರ್ಟಿನಲ್ಲಿ 4:2:2 ನಿಜಕ್ಕೂ ಜಾಗ ಉಳಿಸುತ್ತದೆ, ಎಚ್‌ಡಿಎಂಐ 2.0ರ ಕೊಕ್ಕೆ ಇಲ್ಲಿಲ್ಲ.

ನಿಮ್ಮ ಕಾರ್ಡಿಗೆ ಆ ಕಷ್ಟ ಬೇಡ, ಏಕೆಂದರೆ ಅದಕ್ಕೆ ಡಿಎಸ್‌ಸಿ ಗೊತ್ತು. ಚಿತ್ರವನ್ನು ಗೆರೆಗೆರೆಯಾಗಿ, ಹೊರಡುವ ಕ್ಷಣದಲ್ಲೇ ಒತ್ತಿ ಮೂರನೇ ಒಂದರಷ್ಟು ಗಾತ್ರಕ್ಕೆ ಇಳಿಸಬಲ್ಲದು; ಮಾನಿಟರ್ ಅಷ್ಟೇ ಬೇಗ ಬಿಚ್ಚುತ್ತದೆ. ತಾಂತ್ರಿಕವಾಗಿ ಇದರಲ್ಲೂ ಮಾಹಿತಿ ಹೋಗುತ್ತದೆ. ಆದರೆ 4:2:0 ಹಾಗೆ ಎಲ್ಲ ಕಡೆ ಕುರುಡಾಗಿ ಬಣ್ಣ ಎಸೆಯುವುದಿಲ್ಲ; ಎಲ್ಲಿ ವಿವರ ಇದೆಯೋ ಅಲ್ಲಿ ಬಿಟ್ ಹೆಚ್ಚು ಕೊಡುತ್ತದೆ. ಕೆಂಪು ಅಕ್ಷರದ ಮೇಲೆ ಕಣ್ಣು ನೆಟ್ಟು ನೋಡಿದರೂ ವ್ಯತ್ಯಾಸ ಹಿಡಿಯುವುದು ಕಷ್ಟ. ಕಂಪ್ರೆಷನ್ ಎಂಬ ಹೆಸರು ಕೇಳಿಯೇ ಮೂಗು ಮುರಿದು ಡಿಎಸ್‌ಸಿ ಆಫ್ ಮಾಡಿ, ಆಮೇಲೆ 4:2:2ರಲ್ಲಿ ಕೂರುವವರನ್ನು ಕಂಡಿದ್ದೇನೆ. ಅದು ಉಪ್ಪು ಕಡಿಮೆಯೆಂದು ಊಟ ಬಿಟ್ಟಂತೆ ಎನ್ನಲಾರೆ, ಆದರೆ ಆಯ್ಕೆ ಉಲ್ಟಾ ಆಗಿದೆ. ಡಿಎಸ್‌ಸಿಯಿಂದ ಸಣ್ಣ ಕಿರಿಕಿರಿಗಳಿವೆ, ನಿಜ. ಫುಲ್‌ಸ್ಕ್ರೀನ್ ಆಟದಿಂದ ಆಲ್ಟ್-ಟ್ಯಾಬ್ ಒತ್ತಿ ಹೊರಬಂದಾಗ ಪರದೆ ಒಂದೆರಡು ಸೆಕೆಂಡ್ ಕಪ್ಪಾಗಬಹುದು. ಅಷ್ಟಕ್ಕೆ ಹೆದರಬೇಕಿಲ್ಲ.

ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದ ಮೇಲೂ 144 ಬಾರದಿದ್ದರೆ ಮಾನಿಟರಿನ ಸ್ವಂತ ಮೆನುಗೆ ಹೋಗಿ. ಹಲವು ಮಾನಿಟರ್‌ಗಳಲ್ಲಿ ಡಿಸ್‌ಪ್ಲೇಪೋರ್ಟ್ ಆವೃತ್ತಿಯನ್ನು 1.2 ಅಥವಾ 1.4 ಎಂದು ಆರಿಸುವ ಜಾಗವಿರುತ್ತದೆ. ಕೆಲವದರಲ್ಲಿ DSC ಎಂದೇ ಬೇರೆ ಸ್ವಿಚ್. ಹಳೇ ಕಂಪ್ಯೂಟರಿಗೂ ಹೊಂದಲಿ ಎಂದು ಅದನ್ನು ಕೆಳಗಿನ ಆವೃತ್ತಿಯಲ್ಲಿಟ್ಟು ಕಳಿಸಿರಬಹುದು. 1.2ರಲ್ಲಿ ಕೈಗೆ ಸಿಗುವುದು 17.28 ಮಾತ್ರ, ಅಲ್ಲಿ 4ಕೆಯ ಪೂರ್ತಿ ಬಣ್ಣ 60-75 ಹರ್ಟ್ಸಿಗೇ ಮುಗಿಯಿತು. ಇನ್ನೊಂದು, NVIDIA Control Panel ರೆಸಲ್ಯೂಷನ್ ಪಟ್ಟಿಯನ್ನು ಎರಡು ಭಾಗ ಮಾಡಿ ತೋರಿಸುತ್ತದೆ: ಮೇಲೆ Ultra HD, HD, SD ಎಂಬ ಟಿವಿ ಟೈಮಿಂಗಿನವು, ಕೆಳಗೆ PC ಎಂಬವು. 144 ಸಾಮಾನ್ಯವಾಗಿ ಕೆಳಗಿನ ಭಾಗದಲ್ಲಿರುತ್ತದೆ. ಮೇಲಿನದನ್ನಷ್ಟೇ ನೋಡಿ ‘ಇಲ್ಲ’ ಎಂದುಕೊಳ್ಳಬೇಡಿ. ಬಂದ ಮೇಲೆ Output color format RGB, Output color depth 8 ಅಥವಾ 10 bpc ಇದೆಯೇ ನೋಡಿ, ಆ ನೀಲಿ-ಕೆಂಪು ಪೇಂಟ್ ಪರೀಕ್ಷೆ ಇನ್ನೊಮ್ಮೆ ಮಾಡಿ.

ಹಾಗಾದರೆ ಕೇಬಲ್ ಕೆಟ್ಟದ್ದೆಂದು ಯಾವಾಗ ಹೇಳುವುದು? ಕೆಟ್ಟ ಕೇಬಲ್ ಅಕ್ಷರದ ಬಣ್ಣವನ್ನು ನಿಧಾನವಾಗಿ ಮಸುಕು ಮಾಡುವುದಿಲ್ಲ, ಅದರ ದಾರಿ ಗದ್ದಲದ್ದು. ಎಚ್‌ಡಿಎಂಐ 2.0 ವೇಗದಲ್ಲಾದರೆ ಪರದೆಯ ಮೇಲೆ ಅಲ್ಲಲ್ಲಿ ಬಿಳಿ ಚುಕ್ಕೆಗಳು ಮಿಂಚಿ ಮಾಯವಾಗುತ್ತವೆ. ಡಿಸ್‌ಪ್ಲೇಪೋರ್ಟಿನಲ್ಲೂ ಎಚ್‌ಡಿಎಂಐ 2.1ರಲ್ಲೂ ಚಿತ್ರ ಒಂದು ಸೆಕೆಂಡ್ ಪೂರ್ತಿ ಕಪ್ಪಾಗಿ ಮತ್ತೆ ಬರುತ್ತದೆ. ಈ ಎರಡರಲ್ಲಿ ಕಾರ್ಡು ಮತ್ತು ಮಾನಿಟರ್ ಮೊದಲು ವೇಗ ಪರೀಕ್ಷಿಸಿಕೊಂಡು ಒಪ್ಪಂದಕ್ಕೆ ಬರುತ್ತವೆ. ಕೇಬಲ್ ತಾಳದಿದ್ದರೆ ಕೆಳಗಿನ ವೇಗಕ್ಕೆ ಇಳಿಯುತ್ತವೆ. ಆದ್ದರಿಂದ ನಿನ್ನೆ ಇದ್ದ 144 ಇಂದು ಪಟ್ಟಿಯಿಂದ ಕಾಣೆಯಾಗಿದ್ದರೆ, ಆಗ ಕೇಬಲ್ ಮೇಲೆ ಅನುಮಾನ ಪಡಿ. ಪರೀಕ್ಷೆಗೆ ಹೊಸದನ್ನು ಕೊಳ್ಳುವ ಮುಂಚೆ 60 ಹರ್ಟ್ಸಿಗೆ ಇಳಿಸಿ ನೋಡಿ. ಅಲ್ಲಿ ಕಪ್ಪಾಗುವುದು ನಿಂತರೆ ಕೇಬಲ್ ಅಥವಾ ಅದರ ಉದ್ದವೇ ಕಾರಣ ಇರಬಹುದು. ನಿಲ್ಲದಿದ್ದರೆ ಬೇರೆಡೆ ಹುಡುಕಬೇಕು.

ಕೊಳ್ಳಲೇಬೇಕಾದರೆ, ಕೇಬಲ್ಲಿಗೆ ‘2.1’ ಎಂಬ ಆವೃತ್ತಿಯೇ ಇಲ್ಲವೆಂಬುದು ನೆನಪಿರಲಿ, ಆವೃತ್ತಿ ಇರುವುದು ಪೋರ್ಟಿಗೆ. ಎಚ್‌ಡಿಎಂಐ ಕೇಬಲ್ಲಿನ ಡಬ್ಬದ ಮೇಲೆ Ultra High Speed ಎಂಬ ಹೆಸರೂ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಬಹುದಾದ ಕ್ಯೂಆರ್ ಲೇಬಲ್ಲೂ ಇದ್ದರೆ ಅದು 48 ಗಿಗಾಬಿಟ್ಟಿಗೆ ಪರೀಕ್ಷೆಯಾದದ್ದು. ಬರೀ ‘8ಕೆ’ ಎಂದು ಚಿನ್ನದ ಬಣ್ಣದಲ್ಲಿ ಅಚ್ಚು ಹಾಕಿದ್ದಕ್ಕೆ ಬೆಲೆಯಿಲ್ಲ. ಡಿಸ್‌ಪ್ಲೇಪೋರ್ಟ್ ಕೇಬಲ್ಲಿನಲ್ಲಿ DP8K ಎಂಬ ಪ್ರಮಾಣೀಕರಣ ನೋಡಿ, ಎರಡು ಮೀಟರ್ ಒಳಗಿನದನ್ನೇ ತಗೊಳ್ಳಿ. ನೀವು ತಂದ ಕೇಬಲ್ ಅಸಲಿಯಾಗಿದ್ದರೆ ಎತ್ತಿಡಿ, ಮುಂದೆ ಹೊಸ ಕಾರ್ಡ್ ಬಂದಾಗ ಬೇಕಾಗುತ್ತದೆ.

ಆಗಲೂ ಪೋರ್ಟಿನ ಮೇಲೆ ‘ಎಚ್‌ಡಿಎಂಐ 2.1’ ಎಂದು ಬರೆದದ್ದನ್ನೇ ನಂಬಬೇಡಿ. ಪೂರ್ತಿ 2.1ರಲ್ಲಿ 48 ಗಿಗಾಬಿಟ್, ಕೈಗೆ ಸುಮಾರು 42.6, 4ಕೆ 144ಕ್ಕೆ 10 ಬಿಟ್ ಬಣ್ಣದಲ್ಲಿ ಬೇಕಾದ 39.2 ಅದರಲ್ಲಿ ಆರಾಮಾಗಿ ಹೋಗುತ್ತದೆ. ಆದರೆ ಆ ಹೆಸರಿನಡಿ 24, 32, 40 ಗಿಗಾಬಿಟ್ಟಿನ ಪೋರ್ಟ್‌ಗಳನ್ನೂ ಮಾರುತ್ತಾರೆ, ನಿಯಮದಲ್ಲಿ ಅದು ತಪ್ಪೂ ಅಲ್ಲ. ಪ್ಲೇಸ್ಟೇಷನ್ 5ರದು 32, ಆದ್ದರಿಂದಲೇ ಅದು 4ಕೆ 120 ಎಚ್‌ಡಿಆರ್ ಅನ್ನು 4:2:2 ಮಾಡಿ ಕಳಿಸುತ್ತದೆ. ಮಾನಿಟರ್ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ‘ಎಷ್ಟು ಗಿಗಾಬಿಟ್, ಡಿಎಸ್‌ಸಿ ಇದೆಯಾ’ ಎಂಬುದು. 24 ಗಿಗಾಬಿಟ್ಟಿನ ಪೋರ್ಟ್, ಡಿಎಸ್‌ಸಿ ಇಲ್ಲ ಎಂದರೆ ಅಲ್ಲೂ 144ರಲ್ಲಿ ಇದೇ ಮಸುಕು ಕಾದಿದೆ.

ಲ್ಯಾಪ್‌ಟಾಪ್ ವಿಷಯ ಬೇರೆ. ಯುಎಸ್‌ಬಿ-ಸಿ ಕೇಬಲ್ಲಿನೊಳಗೆ ಹೋಗುವುದೂ ಡಿಸ್‌ಪ್ಲೇಪೋರ್ಟ್ ಸಿಗ್ನಲ್ಲೇ, ಆದರೆ ಅದೇ ತಂತಿಗಳ ಮೇಲೆ ಮಾನಿಟರಿನ ಯುಎಸ್‌ಬಿ ಹಬ್ಬೂ ಓಡಬೇಕು. ಹಬ್ಬಿಗೆ ಯುಎಸ್‌ಬಿ 3 ವೇಗ ಕೊಟ್ಟರೆ ಚಿತ್ರಕ್ಕೆ ನಾಲ್ಕರಲ್ಲಿ ಎರಡೇ ಲೇನ್ ಉಳಿಯುತ್ತವೆ: 12.96 ಗಿಗಾಬಿಟ್. ಮಾನಿಟರ್ ಟೈಮಿಂಗಿನಲ್ಲಿ 4ಕೆ 60ಕ್ಕೆ 12.54 ಸಾಕು, ಹಾಗಾಗಿ ಡಿಎಸ್‌ಸಿ ಇಲ್ಲದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಮಾನಿಟರಿನ ಮೆನುವಿನಲ್ಲಿ USB-C Prioritization ಅಥವಾ ಅಂಥದ್ದೇ ಹೆಸರಿನ ಆಯ್ಕೆ ಇದ್ದರೆ High Resolution ಕಡೆಗೆ ತಿರುಗಿಸಿ, ನಾಲ್ಕೂ ಲೇನ್ ಚಿತ್ರಕ್ಕೆ ಸಿಗುತ್ತವೆ. ಹಬ್ಬಿನ ವೇಗ ಯುಎಸ್‌ಬಿ 2ಕ್ಕೆ ಇಳಿಯುತ್ತದೆ. ಕೀಬೋರ್ಡ್, ಮೌಸಿಗೆ ಅದು ಗೊತ್ತೂ ಆಗದು, ಹಬ್ಬಿಗೆ ಹಾಕಿದ ಎಸ್‌ಎಸ್‌ಡಿಗೆ ಮಾತ್ರ ಕಾಪಿ ಆಗಲು ಬಹಳ ಹೊತ್ತು ಹಿಡಿಯುತ್ತದೆ. ಲ್ಯಾಪ್‌ಟಾಪಿನ ಪೋರ್ಟ್ ಹಳೇ 1.2 ವೇಗದ್ದಾಗಿದ್ದರೆ ಇದನ್ನು ಮಾಡಿದರೂ 60ರ ಆಸುಪಾಸಿನಲ್ಲೇ ಇರುತ್ತೀರಿ. ಎಕ್ಸೆಲ್, ಮೇಲ್, ಮೀಟಿಂಗಿಗೆ ನಾನಾದರೆ ಅದನ್ನು 60ರಲ್ಲೇ ಬಿಟ್ಟು ಹಬ್ಬಿನ ವೇಗ ಉಳಿಸಿಕೊಳ್ಳುತ್ತೇನೆ.

ಡಿಸ್‌ಪ್ಲೇಪೋರ್ಟಿನಲ್ಲಿ 144 ಇಟ್ಟು ಆಟದ ನಡುವೆ ಆ ಕಪ್ಪು ಪರದೆ ತೀರಾ ಕಾಡಿದರೆ ಇನ್ನೊಂದು ದಾರಿ ಇದೆ. ಮಾನಿಟರಿನಲ್ಲಿ ಡಿಎಸ್‌ಸಿ ಆಫ್ ಮಾಡಿ 120 ಹರ್ಟ್ಸ್, 8 bpc, RGB ಇಡಿ. ಮಾನಿಟರ್ ಟೈಮಿಂಗಿನಲ್ಲಿ ಅದಕ್ಕೆ ಬೇಕಾದದ್ದು 25.82 ಗಿಗಾಬಿಟ್, ಇರುವುದು 25.92. ಕಂಪ್ರೆಷನ್ನೂ ಇಲ್ಲ, ಬಣ್ಣ ಕೀಳುವುದೂ ಇಲ್ಲ.